ಆಡಿದ ಉತ್ತರ, ಅಚ್ಚಿನ ಉತ್ತರ

ಪ್ರೌಢಶಾಲೆಯೊಂದರ ವಿಜ್ಞಾನ ಸಂಘದವರು ವೈದ್ಯರೊಬ್ಬರನ್ನು ಬರಮಾಡಿಕೊಂಡು ಹಾವಿನ ಕಡಿತವನ್ನು ಕುರಿತು ಉಪನ್ಯಾಸವನ್ನು ಏರ್ಪಡಿಸಿದರೆಂದು ಭಾವಿಸೋಣ. ಉಪನ್ಯಾಸವು ಮುಗಿದ ಮೇಲೆ ಊರಿನವರೂ ವಿದ್ಯಾರ್ಥಿಗಳೂ 40 ನಿಮಿಷಗಳ ಕಾಲ ಪ್ರಶ್ನೆಗಳನ್ನು ಕೇಳಿದರು. ಸಂಘದವರು ಅದನ್ನೆಲ್ಲ ಧ್ವನಿಮುದ್ರಣ ಮಾಡಿಕೊಂಡರು. ಸಭೆಗೆ ಬಾರದವರಿಗೂ ಉಪಯೋಗವಾಗಲೆಂದು ಅದರಿಂದ ‘ಪದೇ ಪದೇ ಕೇಳುವ ಪ್ರಶ್ನೆಗಳು’ ಎಂಬ ಒಂದು ಪಟ್ಟಿಯನ್ನು ಸಿದ್ಧಪಡಿಸಿ ಹಂಚಬೇಕೆಂಬುದು ಅವರ ಇಚ್ಛೆ. ಮಾತನ್ನು ಕೇಳಿ ಬರೆದುಕೊಂಡು, ಅಡ್ಡಮಾತುಗಳನ್ನು ತೆಗೆದುಹಾಕಿದರೆ ಪಟ್ಟಿಯು ತಾನಾಗಿಯೇ ಸಿದ್ಧವಾಗುವುದೆಂದು ಮೇಲುನೋಟಕ್ಕೆ ತೋರಬಹುದು. ಹಾಗೆ ಮಾಡಿದರೆ ಒಂದು ಜೀವಕ್ಕೇ ಅಪಾಯವುಂಟಾಗಬಹುದೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲ ಕೆಲಸ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವುದು. ಕೈಯಿಂದ ಬರೆಯುವವರಿಗೆ ಒಂದು ಗಂಟೆಯ ಮಾತಿಗೆ ಸಾಮಾನ್ಯವಾಗಿ ನಾಲ್ಕು ಗಂಟೆಗಳಾದರೂ ಹಿಡಿಯುತ್ತವೆ. ಈ ಹಂತದಲ್ಲಿ ಏನನ್ನೂ ತಿದ್ದತಕ್ಕದ್ದಲ್ಲ. ಪ್ರತಿಯೊಂದು ಪ್ರಶ್ನೆಯ ಎದುರಿಗೂ ಅದು ಕೇಳಿಬಂದ ನಿಮಿಷವನ್ನು ಗುರುತು ಹಾಕಬೇಕು. ಸಂಶಯ ಬಂದಾಗ ಆ ಜಾಗಕ್ಕೆ ಹಿಂದಿರುಗಿ ಮತ್ತೊಮ್ಮೆ ಕೇಳಲು ಇದೊಂದೇ ದಾರಿ. ಸಭಿಕರ ಎದುರಿಗೆ ಧ್ವನಿವರ್ಧಕವಿಲ್ಲದಿದ್ದರೆ ಕೆಲವು ಪ್ರಶ್ನೆಗಳು ಕೇಳಿಸದೆ, ಉತ್ತರ ಮಾತ್ರ ದಾಖಲಾಗಿರುವುದುಂಟು. ಉತ್ತರವನ್ನು ನೋಡಿ ಪ್ರಶ್ನೆಯನ್ನು ಊಹಿಸಿ ಬರೆಯಬಾರದು. ಆ ಜಾಗವನ್ನು ಖಾಲಿ ಬಿಟ್ಟು, ಸಭೆಯಲ್ಲಿ ಇದ್ದವರನ್ನು ವಿಚಾರಿಸಬೇಕು.

ಅನಂತರ ಒಂದು ಪ್ರಶ್ನೆಗೆ ಒಂದು ಚೀಟಿಯಂತೆ ಬರೆದುಕೊಂಡು, ಒಂದೇ ಬಗೆಯವನ್ನು ಒಂದೆಡೆ ಸೇರಿಸಬೇಕು. ಪ್ರಶ್ನೆ ಕೇಳಿದವರ ಹೆಸರು ಚೀಟಿಯಲ್ಲಿ ಬೇಕಾಗಿಲ್ಲ. ಹೀಗೆ ಸೇರಿಸುವಾಗ ಪದಗಳ ಹೋಲಿಕೆಗೆ ಮೋಸಹೋಗಬಾರದು. ನಮ್ಮ ಸಭೆಯಲ್ಲಿ ಈ ಮೂರು ಪ್ರಶ್ನೆಗಳು ಬಂದವೆಂದು ಇಟ್ಟುಕೊಳ್ಳೋಣ: “ಕಚ್ಚಿದ ಜಾಗದ ಮೇಲ್ಗಡೆ ಹಗ್ಗ ಕಟ್ಟಬಹುದೆ?”, “ವಿಷ ಮೇಲಕ್ಕೆ ಏರದ ಹಾಗೆ ಏನು ಮಾಡಬೇಕು?”, “ಕಟ್ಟಿದ ಹಗ್ಗವನ್ನು ಯಾವಾಗ ಬಿಚ್ಚಬೇಕು?” ಹಗ್ಗದ ಮಾತು ಬರುವುದು ಮೊದಲನೆಯದರಲ್ಲೂ ಮೂರನೆಯದರಲ್ಲೂ. ಆದರೆ ಒಂದೇ ಉತ್ತರ ಸಲ್ಲುವುದು ಮೊದಲ ಎರಡಕ್ಕೆ: ಬಿಗಿಯಾಗಿ ಕಟ್ಟಕೂಡದು, ಏಕೆಂದರೆ ರಕ್ತಸಂಚಾರ ನಿಂತು ಆ ಅಂಗಕ್ಕೇ ಹಾನಿಯಾಗಬಹುದು, ಕಚ್ಚಿಸಿಕೊಂಡ ಕೈಯನ್ನೋ ಕಾಲನ್ನೋ ಪಟ್ಟಿಕೋಲಿನ ಆಸರೆಯಿಂದ ಅಲುಗದಂತೆ ಇರಿಸಿ, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಸಾಗಿಸಬೇಕು. ಮೂರನೆಯ ಪ್ರಶ್ನೆಯನ್ನು ಕೇಳುವವನಾದರೋ ಆಗಲೇ ಹಗ್ಗವನ್ನು ಕಟ್ಟಿಬಿಟ್ಟಿದ್ದಾನೆ. “ಕಟ್ಟಕೂಡದು” ಎಂಬುದನ್ನು ಓದಿ ಅವನು ಥಟ್ಟನೆ ಬಿಚ್ಚಿದರೆ, ತಡೆದು ನಿಂತಿದ್ದ ವಿಷವು ಒಮ್ಮೆಲೇ ದೇಹಕ್ಕೆ ಹರಡಬಹುದು. ಆದಕಾರಣ ಬಿಗಿಯಾದ ಕಟ್ಟನ್ನು ಆಸ್ಪತ್ರೆಯಲ್ಲಿ, ಪ್ರತಿವಿಷದ ಔಷಧವು ಸಿದ್ಧವಾಗಿರುವಾಗ, ವೈದ್ಯರೇ ಬಿಚ್ಚಿಸಬೇಕು. ಇದಕ್ಕೆ ಬೇರೆಯ ಚೀಟಿಯೇ ಬೇಕು. ಯಾವ ಪ್ರಶ್ನೆಗಳನ್ನು ಸೇರಿಸಬಹುದೆಂಬುದನ್ನು ನಿರ್ಧರಿಸುವುದು ಪ್ರಶ್ನೆಯ ಪದಗಳಲ್ಲ, ಕೇಳುವವನು ಇರುವ ಸ್ಥಿತಿ ಮತ್ತು ಅವನು ಮುಂದೆ ಮಾಡಬೇಕಾದ ಕೆಲಸ.

ಇನ್ನು ಎಲ್ಲಕ್ಕಿಂತ ಕಠಿನವಾದ ಭಾಗಕ್ಕೆ ಬರೋಣ. ಮುದ್ರಣದ 14ನೆಯ ನಿಮಿಷದಲ್ಲಿ ಯಾರೋ “ಅದು ಕಚ್ಚಿದರೆ ಊತ ಬರುತ್ತದೆಯೆ, ಡಾಕ್ಟರೆ?” ಎಂದು ಕೇಳುತ್ತಾರೆ. ವೈದ್ಯರು “ಹೌದು, ಬೇಗನೆ ಬರುತ್ತದೆ, ನೋವೂ ಹೆಚ್ಚು” ಎನ್ನುತ್ತಾರೆ. ಬರೆದುಕೊಂಡ ವಿದ್ಯಾರ್ಥಿಯು ಇದನ್ನು ಅಂದಗೊಳಿಸಿ ಹೀಗೆ ಅಚ್ಚಿಗೆ ಸಿದ್ಧಪಡಿಸುತ್ತಾನೆ: “ವಿಷದ ಹಾವು ಕಚ್ಚಿದರೆ ಊತ ಬರುವುದೆ? ಹೌದು, ಬೇಗನೆ ಊತವೂ ಹೆಚ್ಚು ನೋವೂ ಬರುತ್ತವೆ.” ವಾಕ್ಯ ಶುದ್ಧವಾಗಿದೆ. ವೈದ್ಯರು ಆಡಿದ ಮಾತನ್ನು ಬದಲಿಸಿದಂತೆಯೂ ಕಾಣುವುದಿಲ್ಲ. ಆದರೆ 12ನೆಯ ನಿಮಿಷಕ್ಕೆ ಹಿಂದಿರುಗಿ ಕೇಳಿದರೆ, ಅಲ್ಲಿ ನಡೆದಿದ್ದುದು ಕೊಳಕುಮಂಡಲದ ಪ್ರಸ್ತಾಪ. ‘ಅದು’ ಎಂದರೆ ಆ ಹಾವು ಮಾತ್ರ. ಸಭೆಯಲ್ಲಿ ಕುಳಿತಿದ್ದವರಿಗೆಲ್ಲ ಇದು ತಿಳಿದಿತ್ತು. ಓದುಗನಿಗೆ ತಿಳಿಯುವ ಮಾರ್ಗವಿಲ್ಲ.

ಕಟ್ಟುಹಾವಿನ ರೀತಿಯೇ ಬೇರೆ. ಅದು ಹೆಚ್ಚಾಗಿ ರಾತ್ರಿಯಲ್ಲಿ, ನೆಲದ ಮೇಲೆ ಮಲಗಿರುವವರನ್ನು ಕಚ್ಚುವುದುಂಟು. ನೋವು ಬಹಳ ಕಡಿಮೆ. ಊತವು ಇಲ್ಲವೇ ಇಲ್ಲವೆನ್ನುವಷ್ಟು ಅಲ್ಪ. ಗಾಯದ ಗುರುತೂ ಕಾಣದೆ ಹೋಗಬಹುದು. ಕೆಲವು ಗಂಟೆಗಳಲ್ಲಿ ಕಣ್ಣಿನ ರೆಪ್ಪೆಗಳು ಜೋಲುತ್ತವೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇಂಥ ಕಡಿತಕ್ಕೊಳಗಾದವನು ಮೇಲಿನ ಪಟ್ಟಿಯನ್ನು ನಂಬಿ, “ಊತವಿಲ್ಲ, ಆದುದರಿಂದ ವಿಷವೂ ಇಲ್ಲ” ಎಂದು ಮತ್ತೆ ಮಲಗಿದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ.

ಈ ದೋಷವನ್ನು ಕಂಡುಹಿಡಿಯುವುದು ಹೇಗೆ? ಅಕ್ಷರಕ್ಕಿಳಿಸಿದ ಹಾಳೆಯಲ್ಲಿ ‘ಅದು’, ‘ಇಷ್ಟು’, ‘ಆಗ’, ‘ಈಗ ಹೇಳಿದ ಹಾಗೆ’ ಎಂಬಂಥ ಮಾತುಗಳ ಸುತ್ತಲೂ ಗೆರೆ ಎಳೆಯಬೇಕು. ಪ್ರತಿಯೊಂದಕ್ಕೂ ಯಾವುದು, ಎಷ್ಟು, ಯಾವಾಗ ಎಂದು ಕೇಳಿಕೊಂಡು, ಮುದ್ರಣದಲ್ಲಿ ಹಿಂದಕ್ಕೆ ಹೋಗಿ ಅದರ ಮೂಲವನ್ನು ಹುಡುಕಿ, ಆ ಹೆಸರನ್ನೇ ಅಲ್ಲಿ ಬರೆಯಬೇಕು. ವೈದ್ಯರು ಬೆರಳಿನಿಂದ ಅಳತೆ ತೋರಿಸಿ ‘ಇಷ್ಟು’ ಎಂದಿದ್ದರೆ ಮುದ್ರಣದಲ್ಲಿ ಅದರ ಮೂಲ ದೊರೆಯಲಾರದು. ಅದನ್ನು ಅವರನ್ನೇ ಕೇಳಬೇಕು.

ಕರಡನ್ನು ವೈದ್ಯರಿಗೆ ತೋರಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. “ಇದು ಸರಿಯೆ?” ಎಂದು ಕೇಳಿದರೆ, ತಮ್ಮ ಮಾತಿನ ಸಂದರ್ಭವು ಅವರ ಮನಸ್ಸಿನಲ್ಲಿ ಇರುವುದರಿಂದ ಅವರು ಸರಿ ಎಂದೇ ತಲೆಯಾಡಿಸಬಹುದು. “ಇದು ಎಲ್ಲ ವಿಷದ ಹಾವುಗಳಿಗೂ ಸಲ್ಲುವುದೆ? ಯಾರಿಗೆ ಸಲ್ಲದು?” ಎಂದು ಕೇಳಬೇಕು. ಆಗ ಸಭೆಯಲ್ಲಿ ಬಾರದ ಕಟ್ಟುಹಾವಿನ ವಿಷಯವು ಹೊರಬೀಳುತ್ತದೆ. ಹೀಗೆ ಸೇರಿದ ಮಾತು ಸಭೆಯ ತರುವಾಯ ಬಂದದ್ದೆಂದು ಸಂಘದ ಪ್ರತಿಯಲ್ಲಿ ಗುರುತಿಟ್ಟುಕೊಳ್ಳಬೇಕು. ಇಲ್ಲವಾದರೆ ಮುದ್ರಣದೊಡನೆ ತಾಳೆ ನೋಡುವವರಿಗೆ ಗೊಂದಲವಾದೀತು. ಈಗ ಉತ್ತರವು ಹೀಗಾಗುತ್ತದೆ:

“ಊತವಿಲ್ಲದಿದ್ದರೆ ವಿಷವೇರಿಲ್ಲವೆಂದು ತಿಳಿಯಬಹುದೆ?

ತಿಳಿಯಕೂಡದು. ಕೊಳಕುಮಂಡಲ ಕಚ್ಚಿ ವಿಷವೇರಿದಾಗ ಸಾಮಾನ್ಯವಾಗಿ ಊತವೂ ನೋವೂ ಬೇಗನೆ ಕಾಣುತ್ತವೆ. ಕಟ್ಟುಹಾವು ಕಚ್ಚಿದರೆ ಎರಡೂ ಇಲ್ಲದಿರಬಹುದು. ಹಾವು ಕಚ್ಚಿದ ಸಂಶಯವಿದ್ದರೆ ಲಕ್ಷಣಗಳಿಗಾಗಿ ಕಾಯದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.”

ಉತ್ತರದ ಮೊದಲ ವಾಕ್ಯವೇ ಪ್ರಶ್ನೆಯನ್ನು ತೀರ್ಮಾನಿಸುವುದನ್ನೂ, ಹಾವುಗಳ ಹೆಸರುಗಳು ಬಿಡದೆ ಬಂದಿರುವುದನ್ನೂ ವಾಚಕರು ಗಮನಿಸಬೇಕು. ಪಟ್ಟಿಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ತಮಗೆ ಬೇಕಾದ ಒಂದನ್ನು ಮಾತ್ರ ಓದುತ್ತಾರೆ. ಆದುದರಿಂದ “ಮೇಲೆ ಹೇಳಿದಂತೆ” ಎಂಬ ಮಾತಿಗೆ ಇಲ್ಲಿ ಸ್ಥಾನವಿಲ್ಲ. ಒಂದು ಸಭೆಯಲ್ಲಿ ಮೂರು ಬಾರಿ ಬಂದ ಪ್ರಶ್ನೆಯು ಆ ಸಭೆಯ ಕಾತರವನ್ನು ಮಾತ್ರ ತಿಳಿಸುತ್ತದೆ. ಪಟ್ಟಿಯ ಕ್ರಮವನ್ನು ಆ ಎಣಿಕೆಗೆ ಬಿಡದೆ, ಕಚ್ಚಿದ ಕೂಡಲೆ ಮಾಡಬೇಕಾದುದನ್ನು ಮೊದಲಿಗೆ ಇಡುವುದು ಲೇಸು.

ಕೊನೆಯ ಪರೀಕ್ಷೆ ಸರಳವಾದದ್ದು. ಸಭೆಗೆ ಬಾರದಿದ್ದ ಒಬ್ಬರ ಕೈಗೆ ಒಂದೇ ಪ್ರಶ್ನೋತ್ತರವನ್ನು ಕೊಟ್ಟು, “ಇದನ್ನು ಓದಿದ ಮೇಲೆ ನೀವು ಏನು ಮಾಡುವಿರಿ?” ಎಂದು ವಿಚಾರಿಸಬೇಕು. “ಊತ ಬರುವುದೇ ನೋಡಿ ಹೊರಡುತ್ತೇನೆ” ಎಂದು ಅವರು ಹೇಳಿದರೆ, ಮಾತುಗಳೆಲ್ಲ ವೈದ್ಯರವೇ ಆಗಿದ್ದರೂ ಆ ಉತ್ತರವನ್ನು ಮತ್ತೆ ಬರೆಯತಕ್ಕದ್ದು.