ಮೂರರಾಗ ಏಳು ಹೋಗಂಗಿಲ್ಲ!

ಪ್ರಶ್ನೆ: ನಮ್ಮೂರ ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಮೊಬೈಲಿನಲ್ಲಿ ಆಡುವ ಲೆಕ್ಕದ ಆಟವೊಂದನ್ನು ಮಾಡುತ್ತಿದ್ದೇನೆ. ಸರಿ ಉತ್ತರಕ್ಕೆ ಒಂದು ನಕ್ಷತ್ರ, ತಪ್ಪಿಗೆ ಕೆಂಪು ಗುರುತು. ಮೂರು ತಪ್ಪಾದರೆ ಆಟ ಮುಗಿಯಿತು. ಆಡಿಸಿ ನೋಡಿದರೆ ಲೆಕ್ಕ ಬಾರದ ಮಕ್ಕಳೇ ಮೊದಲು ಹೊರಬೀಳುತ್ತಾರೆ. ತಪ್ಪು ಉತ್ತರ ಶಿಕ್ಷೆಯಾಗದೆ ಪಾಠವಾಗುವಂತೆ ಮಾಡುವುದು ಹೇಗೆ?
— ಒಬ್ಬ ಓದುಗರು, ಹೊಳೆಮಣ್ಣೂರ

ಉತ್ತರ: ಆಟ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತಿದೆ ಎಂಬುದನ್ನು ನೀವೇ ಕಂಡುಕೊಂಡಿದ್ದೀರಿ. ಹಾಗಂತ ಕೆಂಪು ಗುರುತು ತೆಗೆದು ‘ಪರವಾಗಿಲ್ಲ, ಇನ್ನೊಮ್ಮೆ ನೋಡು’ ಎಂದು ಬರೆದರೂ ಕೆಲಸ ಮುಗಿಯುವುದಿಲ್ಲ. ಆಗ ಮಗುವಿಗೆ ಬೇಸರವಾಗದೇ ಇರಬಹುದು, ಆದರೆ ತಿಳಿಯುವುದೂ ಏನೂ ಇಲ್ಲ. ಆ ಉತ್ತರ ಯಾವ ದಾರಿಯಲ್ಲಿ ಬಂತು ಎಂಬುದು ಮೊದಲು ಆಟಕ್ಕೆ ಗೊತ್ತಾಗಬೇಕು. ಎರಡಂಕಿಯ ಕಳೆಯುವ ಲೆಕ್ಕವೊಂದನ್ನೇ ಹಿಡಿದು ನೋಡೋಣ. ಅದೊಂದು ಸರಿಯಾದರೆ ಉಳಿದವಕ್ಕೂ ಅದೇ ಜಾಡು.

ಲೆಕ್ಕ 53 − 27. ಸರಿ ಉತ್ತರ 26. ಒಂದು ಮಗು 34 ಎಂದು ಬರೆಯುತ್ತದೆ. ‘ಹೆಂಗ ಬಂತವ್ವಾ?’ ಎಂದು ಕೇಳಿ ನೋಡಿ. ‘ಮೂರರಾಗ ಏಳು ಹೋಗಂಗಿಲ್ರೀ, ಏಳರಾಗ ಮೂರು ಹೋದ್ರ ನಾಕು. ಐದರಾಗ ಎರಡು ಹೋದ್ರ ಮೂರು’ ಎನ್ನುತ್ತದೆ. ಇದು ಗಮನವಿಲ್ಲದೆ ಆದ ತಪ್ಪಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ಕಲಿತ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಇನ್ನೊಂದು ಮಗು 36 ಎಂದು ಬರೆಯುತ್ತದೆ. ಅದು ಪಕ್ಕದ ಮನೆಯಿಂದ ಹತ್ತು ಸಾಲ ತಂದು ಮೂರನ್ನು ಹದಿಮೂರು ಮಾಡಿದೆ, ಏಳನ್ನು ಕಳೆದು ಆರು ಪಡೆದಿದೆ. ಆದರೆ ಸಾಲ ಕೊಟ್ಟ ಐದನ್ನು ನಾಲ್ಕು ಮಾಡಲು ಮರೆತಿದೆ. ಮೂರನೆಯ ಮಗುವಿನ ಉತ್ತರ 80. ಅದು ಕಳೆಯುವ ಬದಲು ಕೂಡಿಸಿದೆ. ನಾಲ್ಕನೆಯದು 25 ಎಂದರೆ ದಾರಿ ಸರಿಯಿದೆ, ಬೆರಳೆಣಿಕೆಯಲ್ಲಿ ಒಂದು ಜಾರಿದೆ.

ನಾಲ್ಕು ತಪ್ಪುಗಳಿಗೆ ನಾಲ್ಕು ಕಾರಣ. ನಾಲ್ಕಕ್ಕೂ ಒಂದೇ ಕೆಂಪು ಗುರುತು ಹಾಕುವುದೆಂದರೆ ಜ್ವರಕ್ಕೂ ಹೊಟ್ಟೆನೋವಿಗೂ ಒಂದೇ ಗುಳಿಗೆ ಕೊಟ್ಟಂತೆ. ಮಕ್ಕಳ ತಪ್ಪಿನಲ್ಲಿ ಇಂಥ ಕ್ರಮವಿದೆ ಎಂಬುದನ್ನು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ವಿವರವಾಗಿ ತೋರಿಸಿದರು. ಅವರು ಮಾಡಿದ ‘ಬಗ್ಗಿ’ ಎಂಬ ಆಟದಲ್ಲಿ ಕಂಪ್ಯೂಟರ್ ತಪ್ಪು ನಿಯಮ ಹಿಡಿದ ವಿದ್ಯಾರ್ಥಿಯಾಗುತ್ತಿತ್ತು. ಶಿಕ್ಷಕರಾಗಲಿರುವವರು ಅದಕ್ಕೆ ಲೆಕ್ಕ ಕೊಟ್ಟು ಕೊಟ್ಟು, ಆ ನಿಯಮ ಯಾವುದೆಂದು ಪತ್ತೆ ಹಚ್ಚಬೇಕಿತ್ತು. ನಿಮ್ಮ ಆಟದಲ್ಲಿ ಆ ಪತ್ತೇದಾರಿ ಕೆಲಸ ಮೊಬೈಲಿನದು.

ಪತ್ತೇದಾರಿಗೆ ಸರಿಯಾದ ಲೆಕ್ಕ ಬೇಕು. ಮೇಲಿನದರ ಬದಲು 52 − 27 ಕೊಟ್ಟಿದ್ದರೆ ಏನಾಗುತ್ತಿತ್ತು ನೋಡಿ. ತಿರುಗಿಸಿ ಕಳೆಯುವ ಮಗು ಏಳರಲ್ಲಿ ಎರಡು ಕಳೆದು 35 ಎನ್ನುತ್ತದೆ. ಸಾಲ ಮರೆಯುವ ಮಗುವೂ ಹನ್ನೆರಡರಲ್ಲಿ ಏಳು ಕಳೆದು 35 ಎನ್ನುತ್ತದೆ! ಎರಡು ರೋಗ, ಲಕ್ಷಣ ಒಂದೇ. ಬಿಡಿ ಸ್ಥಾನದ ಎರಡು ಅಂಕಿಗಳ ನಡುವೆ ಐದರ ಅಂತರ ಇದ್ದಾಗಲೆಲ್ಲ ಹೀಗಾಗುತ್ತದೆ. ಆದ್ದರಿಂದ ಲೆಕ್ಕಗಳನ್ನು ಕಣ್ಣುಮುಚ್ಚಿ ಆರಿಸುವ ಹಾಗಿಲ್ಲ. ಪ್ರತಿ ಲೆಕ್ಕಕ್ಕೂ ಸರಿ ಉತ್ತರದ ಜೊತೆಗೆ, ತಿರುಗಿಸಿ ಕಳೆದರೆ ಎಷ್ಟು, ಸಾಲ ಮರೆತರೆ ಎಷ್ಟು, ಕೂಡಿಸಿದರೆ ಎಷ್ಟು ಎಂದು ಆಟವೇ ಲೆಕ್ಕ ಹಾಕಿಟ್ಟುಕೊಳ್ಳಲಿ. ಅವುಗಳಲ್ಲಿ ಎರಡು ಒಂದೇ ಆದರೆ ಆ ಲೆಕ್ಕವನ್ನು ಬಿಟ್ಟು ಮುಂದಿನದಕ್ಕೆ ಹೋಗಲಿ.

ಒಂದೇ ತಪ್ಪಿನಿಂದ ತೀರ್ಮಾನಕ್ಕೂ ಬರಬಾರದು. 53 − 27, 64 − 28, 72 − 38 ಈ ಮೂರನ್ನು ಬೇರೆ ಬೇರೆ ಹೊತ್ತಿನಲ್ಲಿ ಕೊಡಿ. ತಿರುಗಿಸಿ ಕಳೆಯುವ ಮಗುವಿನಿಂದ 34, 44, 46 ಬರುತ್ತದೆ. ಸಾಲ ಮರೆಯುವ ಮಗುವಿನಿಂದ 36, 46, 44. ಮೂರರಲ್ಲಿ ಎರಡಾದರೂ ಒಂದೇ ದಾರಿಯವಾದರೆ ಕಾರಣ ಸಿಕ್ಕಿತೆಂದು ತಿಳಿಯಬಹುದು. ಉತ್ತರವನ್ನು ಮಗುವೇ ಅಂಕಿ ಒತ್ತಿ ಬರೆಯಲಿ. ನಾಲ್ಕು ಆಯ್ಕೆ ಕೊಟ್ಟರೆ ನಾಲ್ಕರಲ್ಲೊಂದು ಸಲ ಊಹೆಯೇ ಗೆಲ್ಲುತ್ತದೆ, ತಪ್ಪಿನ ಜಾಡು ಅಳಿಸಿಹೋಗುತ್ತದೆ.

ಇನ್ನು ಕಲಿಸುವ ಮಾತು. ನಾವು ‘ಸಾಲ ತಗೋ’ ಎಂದು ಹೇಳಿಕೊಡುತ್ತೇವಲ್ಲ, ಆ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲ್ಲಿ ಯಾರೂ ಸಾಲ ಕೊಡುವುದಿಲ್ಲ, ಯಾರೂ ತೀರಿಸುವುದೂ ಇಲ್ಲ. ಒಂದು ಹತ್ತು ಒಡೆದು ಹತ್ತು ಒಂದುಗಳಾಗುತ್ತವೆ, ಅಷ್ಟೆ. ಇದಕ್ಕೆ ಊರಲ್ಲಿ ಬೇರೆಯೇ ಮಾತಿದೆ: ನೋಟು ಮುರಿಸುವುದು. ‘ಹತ್ತರ ನೋಟು ಮುರಿಸ್ಕೊಂಡು ಬಾ’ ಎಂದರೆ ಎರಡನೇ ತರಗತಿಯ ಮಗುವೂ ಅಂಗಡಿಗೆ ಓಡುತ್ತದೆ. ಚಿಲ್ಲರೆ ಕೈಗೆ ಬಂದರೆ ನೋಟು ಗಲ್ಲಾಪೆಟ್ಟಿಗೆಗೆ ಹೋಗಿರುತ್ತದೆ ಎಂದು ಅದಕ್ಕೆ ಯಾರೂ ಕಲಿಸಬೇಕಿಲ್ಲ.

ಅದನ್ನೇ ಆಟದೊಳಗೆ ತನ್ನಿ. ಮಗು 34 ಎಂದು ಒತ್ತಿದಾಗ ಸದ್ದಿಲ್ಲ, ಗುರುತಿಲ್ಲ. ಆ 34 ಪರದೆಯ ಮೂಲೆಯಲ್ಲಿ ಹಾಗೇ ನಿಲ್ಲಲಿ. ಕೆಳಗೆ ಐದು ಹತ್ತರ ನೋಟು, ಮೂರು ಒಂದರ ನಾಣ್ಯ ಬರಲಿ. ಎದುರಿಗೆ ಕಿರಾಣಿ ಅಂಗಡಿ. ಬೆಲ್ಲಕ್ಕೆ 27 ರೂಪಾಯಿ ಕೊಡಬೇಕು. ಮಗು ಎರಡು ನೋಟು ಎಳೆದು ಕೊಡುತ್ತದೆ, ಮೂರು ನಾಣ್ಯವನ್ನೂ ಕೊಡುತ್ತದೆ, ಇನ್ನೂ ನಾಲ್ಕು ಬೇಕು. ಅಲ್ಲಿ ಕೈ ನಿಲ್ಲುತ್ತದೆ. ಆ ನಿಂತ ಗಳಿಗೆಯೇ ಪಾಠ, ಅವಸರದಿಂದ ಸುಳಿವು ಕೊಡಬೇಡಿ. ಸ್ವಲ್ಪ ಹೊತ್ತಿನ ಮೇಲೆ ‘ಚಿಲ್ಲರೆ’ ಎಂದು ಬರೆದ ಡಬ್ಬಿ ಮೆಲ್ಲಗೆ ಅಲುಗಾಡಿದರೆ ಸಾಕು. ನೋಟನ್ನು ಅದರೊಳಗೆ ಹಾಕಿದರೆ ಹತ್ತು ನಾಣ್ಯ ಬೀಳುತ್ತವೆ. ನಾಲ್ಕು ಕೊಟ್ಟರೆ ಕೈಯಲ್ಲಿ ಎರಡು ನೋಟು, ಆರು ನಾಣ್ಯ ಉಳಿಯುತ್ತದೆ. ಮೂಲೆಯ 34ನ್ನು ಮಗುವೇ ತಿದ್ದುತ್ತದೆ.

36 ಬರೆದ ಮಗುವಿಗೆ ಇದೇ ದೃಶ್ಯ ಹೊಂದುವುದಿಲ್ಲ, ಅದಕ್ಕೆ ನೋಟು ಮುರಿಸುವುದು ಗೊತ್ತಿದೆ. ಅದಕ್ಕೆ ವ್ಯವಹಾರವನ್ನು ತಿರುಗಿಸಿ ತೋರಿಸಿ: ‘ಅಂಗಡಿಗೆ ಕೊಟ್ಟದ್ದು 27. ನಿನ್ನ ಹತ್ತಿರ ಉಳಿದದ್ದು 36. ಎರಡೂ ಸೇರಿದರೆ 63. ಮನೆಯಿಂದ ತಂದದ್ದು 53. ಹತ್ತು ರೂಪಾಯಿ ಎಲ್ಲಿಂದ ಬಂತು?’ ಮುರಿಸಿದ ನೋಟನ್ನು ಎಣಿಕೆಯಲ್ಲಿ ಬಿಡದೆ ಹಿಡಿದುಕೊಂಡಿದ್ದೇ ಆ ಹತ್ತು ಎಂದು ಮಗುವೇ ಹುಡುಕಲಿ. 80 ಎಂದವರಿಗೆ ‘ಬೆಲ್ಲ ಕೊಂಡ ಮೇಲೆ ದುಡ್ಡು ಹೆಚ್ಚಾಯಿತೇ?’ ಎಂಬ ಒಂದೇ ಪ್ರಶ್ನೆ ಸಾಕು. 25 ಎಂದವರಿಗೆ ಪಾಠವೇ ಬೇಡ. ‘ಇನ್ನೊಮ್ಮೆ ಎಣಿಸು’ ಎಂದರೆ ಆಯಿತು.

ಇಲ್ಲೊಂದು ಎಚ್ಚರಿಕೆ. ಸಂತೆ ಮಾಡಿ ಗೊತ್ತಿರುವ ಮಗು ಮೂರು ನೋಟು ಕೊಟ್ಟು ಮೂರು ರೂಪಾಯಿ ಹಿಂದಕ್ಕೆ ಕೇಳುತ್ತದೆ. ಆಗಲೂ ಉಳಿಯುವುದು 26. ಇದು ಪುಸ್ತಕದ ಕ್ರಮವಲ್ಲ, ಆದರೆ ತಪ್ಪೂ ಅಲ್ಲ. ಆಟ ಆ ದಾರಿಯನ್ನು ಮುಚ್ಚಬಾರದು. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಗಿರಾಕಿಯ ಎದುರು ಬಾಯಿಲೆಕ್ಕದಲ್ಲಿ ಶೇಕಡಾ 98ರಷ್ಟು ಸರಿ ಹೇಳಿದ ಅದೇ ಮಕ್ಕಳು, ಅಂಥದೇ ಲೆಕ್ಕವನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಸರಿ ಮಾಡಿದ್ದು ಶೇಕಡಾ 37ರಷ್ಟು. ಅಂಗಡಿಯ ಲೆಕ್ಕ ಬರುವ ಮಗುವಿಗೆ ಪಾಟಿಯ ಲೆಕ್ಕ ತಾನಾಗಿ ಬರುವುದಿಲ್ಲ, ನಡುವೆ ಸೇತುವೆ ಕಟ್ಟಬೇಕು.

ಸೇತುವೆ ಹೀಗೆ. ಮೊದಲ ಸುತ್ತಿನಲ್ಲಿ ನೋಟು, ನಾಣ್ಯ ಎಳೆಯಬೇಕು. ಎರಡನೆಯದರಲ್ಲಿ ಅವು ಕಾಣುತ್ತವೆ, ಆದರೆ ಅಲುಗಾಡುವುದಿಲ್ಲ. ಮೂರನೆಯದರಲ್ಲಿ ಅಂಕಿ ಮಾತ್ರ. ಐದಕ್ಕೆ ಗೆರೆ ಹೊಡೆದು ಮೇಲೆ ನಾಲ್ಕು ಬರೆಯಲು ಜಾಗ. ಎಡವಿದರೆ ಒಂದು ಮೆಟ್ಟಿಲು ಹಿಂದಕ್ಕೆ, ಆಟದಿಂದ ಹೊರಕ್ಕಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಕಲಿಕಾ ಏಣಿಯಲ್ಲಿ ಇದೇ ತತ್ವವಿದೆ: ಮಗು ತನ್ನ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಿಮ್ಮೂರ ಮಕ್ಕಳಿಗೆ ಅದು ಹೊಸದಾಗಿರಲಾರದು. ಕನ್ನಡದಲ್ಲಿ ಆಗಲೇ ಇರುವ ಲೆಕ್ಕದ ಆಟಗಳನ್ನು ನೋಡಬೇಕೆಂದರೆ ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಉಚಿತವಾಗಿ ಸಿಗುತ್ತದೆ. ನೋಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೇಕೆಂದೇ 34 ಒತ್ತಿದರೆ, 36 ಒತ್ತಿದರೆ, ಎರಡಕ್ಕೂ ಬರುವ ಪ್ರತಿಕ್ರಿಯೆ ಒಂದೆಯೋ ಬೇರೆಯೋ? ನಿಮ್ಮ ಆಟಕ್ಕೂ ಇದೇ ಪರೀಕ್ಷೆ.

ಆಡಿಸುವಾಗ ಎರಡು ಕಡೆ ಎಡವಟ್ಟಾಗುತ್ತದೆ. ಒಂದು, ಸರಿ ಉತ್ತರಕ್ಕೆ ಬರೀ ನಕ್ಷತ್ರ, ತಪ್ಪಿಗೆ ಅಂಗಡಿಯ ಆಟ ಸಿಗುವಂತಿದ್ದರೆ ಜಾಣ ಮಕ್ಕಳು ಬೇಕೆಂದೇ ತಪ್ಪು ಮಾಡುತ್ತಾರೆ. ಹಾಗಾಗಿ ಅಂಗಡಿ ಇಬ್ಬರಿಗೂ ಬರಲಿ. ಸರಿ ಬರೆದವರಿಗೆ ಅದು ತಾಳೆ ನೋಡುವ ಜಾಗ, ತಪ್ಪಿದವರಿಗೆ ಹುಡುಕುವ ಜಾಗ. ಇನ್ನೊಂದು, ತಿದ್ದಿದ ಮೇಲೆ ಅದೇ 53 − 27 ಮತ್ತೆ ಕೇಳಿದರೆ ಮಗು 26 ಎಂಬುದನ್ನು ನೆನಪಿನಿಂದ ಒತ್ತುತ್ತದೆ. ಅದರ ಅಣ್ಣತಮ್ಮನಂಥ 64 − 28 ಕೇಳಿ. ಗಡಿಯಾರ ಮಾತ್ರ ಇಡಲೇಬೇಡಿ. ಕೈ ನಿಂತು ಯೋಚಿಸಬೇಕಾದ ಗಳಿಗೆಯನ್ನೇ ಅದು ಕಸಿಯುತ್ತದೆ.

ಆಟ ಕಲಿಸಿತೋ ಇಲ್ಲವೋ ಎಂಬುದು ನಕ್ಷತ್ರದ ಲೆಕ್ಕದಿಂದ ಗೊತ್ತಾಗುವುದಿಲ್ಲ. ಮರುದಿನ ಮೊಬೈಲು ಬದಿಗಿಟ್ಟು, ಆಟದಲ್ಲಿ ಬಾರದ ಮೂರು ಲೆಕ್ಕಗಳನ್ನು ಪಾಟಿಯ ಮೇಲೆ ಕೊಡಿ. ಪರದೆಯ ಮೇಲೆ ಸರಿ, ಪಾಟಿಯ ಮೇಲೆ ಮತ್ತೆ ತಿರುಗಿಸಿ ಕಳೆದಿದ್ದರೆ, ಲೆಕ್ಕ ಮಾಡಿದ್ದು ನೋಟುಗಳೇ ಹೊರತು ಮಗುವಲ್ಲ. ಎರಡನೆಯ ಸುತ್ತನ್ನು ಇನ್ನಷ್ಟು ದಿನ ನಡೆಸಬೇಕು. ಹತ್ತರ ನೋಟು ಗಟ್ಟಿಯಾದ ಮೇಲಷ್ಟೇ 402 − 137ರ ಕಡೆ ಹೋಗಿ. ಅಲ್ಲಿ ಮುರಿಸಲು ಹತ್ತರ ನೋಟೇ ಇಲ್ಲ, ಮೊದಲು ನೂರರ ನೋಟು ಮುರಿಸಬೇಕು. ಅದು ಬೇರೆಯೇ ಪಾಠ, ಅದರ ತಪ್ಪುಗಳ ಪಟ್ಟಿಯೂ ಬೇರೆ. ಅಲ್ಲಿಯವರೆಗೆ ‘ಮೂರರಾಗ ಏಳು ಹೋಗಂಗಿಲ್ಲ’ ಎಂದ ಮಗು ಪಾಟಿಯ ಮುಂದೆ ಕುಳಿತು ಐದಕ್ಕೆ ಗೆರೆ ಹೊಡೆಯುತ್ತಾ ‘ಒಂದು ನೋಟು ಮುರಿಸಬೇಕ್ರಿ’ ಎಂದಿತೆಂದರೆ, ಆ ಮಗುವಿನ ಪಾಲಿಗೆ ಅಂಗಡಿಯ ಬಾಗಿಲು ಹಾಕಬಹುದು.