ಮಿಕ್ಕ ಅಡುಗೆ ಕೊಡುವ ಮುನ್ನ

ಮಗೂ, ಅಕ್ಕನ ಮದುವೆಯಲ್ಲಿ ಮಿಕ್ಕ ಅಡುಗೆಯನ್ನು ಅನಾಥಾಶ್ರಮಕ್ಕೆ ತಲುಪಿಸುವ ಹೊಣೆ ನನ್ನದು ಅಂದೆಯಲ್ಲ, ಕೇಳಿ ಮನಸ್ಸು ತುಂಬಿತು. ಆದರೆ ಆ ಕೆಲಸವನ್ನು ಊಟ ಮುಗಿದ ಮೇಲೆ ಶುರುಮಾಡಬೇಡ.

ಸಾಮಾನ್ಯವಾಗಿ ಏನಾಗುತ್ತದೆ, ಲೆಕ್ಕ ಹಾಕಿ ನೋಡು. ಬೆಳಿಗ್ಗೆ 11ಕ್ಕೆ ಅನ್ನ ಇಳಿಸುತ್ತಾರೆ. ಕೊನೆಯ ಪಂಕ್ತಿ ಏಳುವಾಗ 3 ಗಂಟೆ. ಬೀಗರನ್ನು ಕಳಿಸಿ, ಪಾತ್ರೆಗಳನ್ನು ಎಣಿಸಿ ಒಪ್ಪಿಸಿ, ಯಾರಿಗಾದರೂ ಫೋನ್ ಮಾಡುವಷ್ಟರಲ್ಲಿ ನಾಲ್ಕೂವರೆ. ಗಾಡಿ ಬಂದು, ಆಶ್ರಮ ಮುಟ್ಟಿ, ಮಕ್ಕಳ ತಟ್ಟೆಗೆ ಬೀಳುವಾಗ ರಾತ್ರಿ 8. ಅಷ್ಟು ಹೊತ್ತೂ ಆ ಅನ್ನ ಕೊಪ್ಪರಿಗೆಯಲ್ಲಿ ಉಗುರುಬೆಚ್ಚಗೆ ಕೂತಿರುತ್ತದೆ.

ಅಪಾಯ ಇರುವುದು ಆ ಬಿಸುಪಿನಲ್ಲೇ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯ ಜೊತೆಗೇ ಬರುತ್ತವೆ, ಕುದಿಸಿದರೂ ಉಳಿದುಕೊಳ್ಳುತ್ತವೆ. ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ಇದ್ದರೆ ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಅನ್ನ ಹಳಸಿದ ವಾಸನೆಯೂ ಬರಬೇಕೆಂದಿಲ್ಲ. ಹಾಗಾಗಿ ಯಾರಾದರೂ ಮೂಸಿ ನೋಡಿ 'ಚೆನ್ನಾಗಿಯೇ ಇದೆ' ಅಂದರೆ ನಂಬಬೇಡ. ಇಳಿಸಿದ್ದು ಎಷ್ಟು ಹೊತ್ತಿಗೆ ಎಂದು ಕೇಳು.

ಹಿಂದಿನ ದಿನವೇ ಆಶ್ರಮಕ್ಕೆ ಫೋನ್ ಮಾಡಿ, ಮಧ್ಯಾಹ್ನ 2 ಗಂಟೆಯೊಳಗೆ ಊಟ ತರುತ್ತೇವೆ, ಅದು ಬಂದ ತಕ್ಷಣ ಮಕ್ಕಳು ಉಣ್ಣಬಹುದೇ ಎಂದು ವಿಚಾರಿಸು. ಅಡುಗೆ ಭಟ್ಟರಿಗೆ ಅನ್ನವನ್ನು ಒಂದೇ ಸಲ ಬೇಯಿಸದೆ ಪಂಕ್ತಿಗೆ ತಕ್ಕಂತೆ ಮಾಡಲು ಹೇಳು. ಎರಡನೇ ಪಂಕ್ತಿ ಕೂತಾಗ ಇನ್ನೆಷ್ಟು ಜನ ಉಳಿದಿದ್ದಾರೆ ಎಂಬುದು ಗೊತ್ತಾಗುತ್ತದೆ. ಹೆಚ್ಚಾಗುವುದನ್ನು ಆಗಲೇ ಅಡುಗೆಮನೆಯಿಂದ, ಬಡಿಸುವ ಬಕೆಟ್ಟಿಗೆ ಹೋಗುವ ಮೊದಲೇ, ಹಬೆಯಾಡುತ್ತಿರುವಾಗ ಶುಭ್ರವಾದ ಹಾಟ್ ಬಾಕ್ಸ್‌ಗಳಿಗೆ ತುಂಬಿಸಿ ಮುಚ್ಚು. ಸಾರು, ಹುಳಿಯನ್ನು ಮತ್ತೊಮ್ಮೆ ಕುದಿಸಿ ತುಂಬು. ಒಂದು ಅಡುಗೆ ಥರ್ಮಾಮೀಟರ್ ಕೊಂಡುಕೋ. ತುಂಬುವಾಗಲೂ ಆಶ್ರಮದಲ್ಲಿ ಮುಚ್ಚಳ ತೆರೆದಾಗಲೂ ನಡುವಿನ ಅನ್ನಕ್ಕೆ ಚುಚ್ಚಿ ನೋಡು. 60ಕ್ಕಿಂತ ಮೇಲಿರಬೇಕು.

ಕೋಸಂಬರಿ, ಮೊಸರನ್ನ, ಕಾಯಿ ಚಟ್ನಿ, ಹಾಲಿನ ಪಾಯಸ ಇವನ್ನು ಕಳಿಸಬೇಡ. ಎಲೆಗೆ ಬಡಿಸಿದ್ದಂತೂ ಬೇಡವೇ ಬೇಡ. ಪ್ರತಿ ಡಬ್ಬಿಯ ಮೇಲೂ ಪದಾರ್ಥದ ಹೆಸರು, ಮಾಡಿದ ದಿನ ಮತ್ತು ಹೊತ್ತು, ಎಷ್ಟರೊಳಗೆ ಉಣ್ಣಬೇಕು, ಯಾರ ಮನೆಯದು ಎಂದು ಚೀಟಿ ಅಂಟಿಸು. ಮಿಕ್ಕ ಆಹಾರ ಹಂಚುವುದಕ್ಕೆಂದೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ಮಾಡಿದೆ. ಅದೂ ಹೀಗೆ ಚೀಟಿ ಇರಬೇಕೆನ್ನುತ್ತದೆ.

ಆರತಕ್ಷತೆಯದು ಬೇರೆ ಮಾತು. ರಾತ್ರಿ 11ಕ್ಕೆ ಮಿಕ್ಕಿದ ಪಲಾವನ್ನು ಬೆಳಿಗ್ಗೆ ಕೊಡೋಣ ಎಂದು ಇಡಬೇಡ. ಬಿಸಿ ಇಳಿಯುವ ಮೊದಲೇ ಉಣ್ಣುವವರು ಸಿಕ್ಕರೆ ಕೊಡು. ಸಿಗದಿದ್ದರೆ ನೋವಾದರೂ ಗೊಬ್ಬರದ ಗುಂಡಿಗೆ ಹಾಕಿಸು. ಆ ಮಕ್ಕಳಿಗೆ ಬೆಳಗಿನ ತಿಂಡಿಗೆ ಬೇಕಾದ ಅಕ್ಕಿ, ಬೇಳೆಯನ್ನು ಮರುದಿನ ಕಳಿಸಿದರಾಯಿತು.