ಓದಲು ಬಾರದ ಕ್ಯಾಮೆರಾದಲ್ಲಿ ತಾರೀಖು ಸರಿಮಾಡುವ ಬಗೆ

ನಮ್ಮ ವಿಜ್ಞಾನ ಸಂಘದಿಂದ ಪ್ರತಿ ತಿಂಗಳೂ ಕೆರೆಯ ತೂಬಿನ ಕಲ್ಲಿನ ಫೋಟೋ ತೆಗೆದು, ನೀರು ಎಷ್ಟು ಇಳಿಯಿತೆಂದು ನೋಡುತ್ತೇವೆ. ಅದಕ್ಕಾಗಿ ನಮ್ಮ ಮಾವ ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಂಡು ತಂದುಕೊಟ್ಟರು. ಅದು ಜಪಾನಿನಲ್ಲಿ ಮಾರಲೆಂದು ಮಾಡಿದ್ದು, ಮೆನು ಪೂರ್ತಿ ಜಪಾನಿ ಲಿಪಿ. ತಾರೀಖು ತಪ್ಪಿದ್ರೆ ಅದು ಯಾವ ತಿಂಗಳ ನೀರು ಅಂತ ಹೇಳೋಕಾಗಲ್ಲ. ಫೋಟೋ ಸಣ್ಣದಾದರೆ ಕಲ್ಲಿನ ಗೆರೆಗಳು ಕಾಣಲ್ಲ. ಆದ್ದರಿಂದ ಎರಡನ್ನೂ ಸರಿಮಾಡುವ ಕ್ರಮ ತಿಳಿಯೋಣ.

ಮೊದಲು ಕಾರ್ಡಿನಲ್ಲಿರುವ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಮೆನುವಿನಲ್ಲಿ 初期化 ಅಥವಾ フォーマット ಎಂದು ಕಂಡರೆ ಒತ್ತಬೇಡಿ. ಮೊದಲನೆಯದರ ಅರ್ಥ ‘ಆರಂಭದ ಸ್ಥಿತಿಗೆ ತರುವುದು’, ಎರಡನೆಯದು ‘ಫಾರ್ಮ್ಯಾಟ್’. ಕಾರ್ಡಿನಲ್ಲಿರುವುದೆಲ್ಲ ಅಳಿಸಿಹೋಗಬಹುದು.

ಈಗ MENU ಗುಂಡಿ ಒತ್ತಿ, ಸ್ಪ್ಯಾನರ್ ಚಿತ್ರವಿರುವ ಪುಟಕ್ಕೆ ಹೋಗಿ. 言語 ಎಂದರೆ ಭಾಷೆ. ಅದರೊಳಗೆ English ಇದ್ದರೆ ಕಷ್ಟ ಮುಗಿಯಿತು. ನಮ್ಮದರಲ್ಲಿ ಆ ಸಾಲೇ ಇರಲಿಲ್ಲ.

ಆಗ 日 ಎಂಬ ಅಕ್ಷರ ಹುಡುಕಬೇಕು. ಅದು ಕಿಟಕಿಗೆ ನಡುವೆ ಒಂದು ಅಡ್ಡಪಟ್ಟಿ ಹಾಕಿದ ಹಾಗಿದೆ, ಅರ್ಥ ‘ದಿನ’. 日付 ಅಥವಾ 日時 ಎಂಬ ಸಾಲು ತೆರೆದರೆ ಅಂಕಿಗಳು ಬರುತ್ತವೆ. ನಾಲ್ಕು ಅಂಕಿಯದು ವರ್ಷ. ಜಪಾನಿನಲ್ಲಿ ವರ್ಷ 年, ತಿಂಗಳು 月, ದಿನ 日 ಎಂಬ ಕ್ರಮದಲ್ಲಿ ಬರೆಯುತ್ತಾರೆ. ಹಾಗಾಗಿ ಆಗಸ್ಟ್ 5ಕ್ಕೆ ಮೊದಲು 08, ಆಮೇಲೆ 05 ಇಡಬೇಕು. ನಮ್ಮ ರೂಢಿಯಂತೆ 05, 08 ಇಟ್ಟರೆ ಮೇ 8 ಆಗಿಬಿಡುತ್ತದೆ! ಕೊನೆಗೆ ನಡುವಿನ ಗುಂಡಿ ಒತ್ತಿ. ಹಳೆಯ ಫೋಟೋಗಳ ತಾರೀಖು ಮಾತ್ರ ಇದರಿಂದ ಬದಲಾಗುವುದಿಲ್ಲ.

ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ತಾರೀಖು ಹಳೆಯದಕ್ಕೆ ಹೋದರೆ, ಒಳಗಿನ ಗಡಿಯಾರದ ಪುಟ್ಟ ಸೆಲ್ ಬರಿದಾಗಿದೆ ಎಂದರ್ಥ. ಅನೇಕ ಕ್ಯಾಮೆರಾಗಳಲ್ಲಿ ದೊಡ್ಡ ಬ್ಯಾಟರಿಯೇ ಅದನ್ನು ತುಂಬಿಸುತ್ತದೆ. ತುಂಬಿದ ಬ್ಯಾಟರಿಯನ್ನು ಒಂದೆರಡು ದಿನ ಒಳಗೇ ಬಿಟ್ಟು ತಾರೀಖು ಮತ್ತೆ ಇಡಿ. ಆಗಲೂ ನಿಲ್ಲದಿದ್ದರೆ ಸೆಲ್ ಸತ್ತಿದೆ.

ಇನ್ನು ಫೋಟೋ ಗುಣಮಟ್ಟ. ಅದಕ್ಕೆ 画質 ಎನ್ನುತ್ತಾರೆ. ಫೋಟೋದ ಅಳತೆ ಬೇರೆ ಸಾಲಿನಲ್ಲಿರುತ್ತದೆ, ಅಲ್ಲಿ 8M, 3M ಎಂಬಂಥ ಗುರುತುಗಳಿರುತ್ತವೆ. ದೊಡ್ಡ ಅಂಕಿ ಎಂದರೆ ದೊಡ್ಡ ಫೋಟೋ. ಗುಣಮಟ್ಟದ ಸಾಲಿನಲ್ಲಿ ಯಾವುದು ಮೇಲು ಅಂತ ಅಕ್ಷರ ಓದದೇ ತಿಳಿಯಬಹುದು. ಇನ್ನೆಷ್ಟು ಫೋಟೋ ಹಿಡಿಯುತ್ತದೆ ಎಂಬ ಸಂಖ್ಯೆ ಪರದೆಯ ಮೂಲೆಯಲ್ಲಿದೆಯಲ್ಲ, ಅದನ್ನು ನೋಡಿ. ನಮ್ಮದರಲ್ಲಿ ಒಂದು ಆಯ್ಕೆಗೆ 240 ಇತ್ತು, ಇನ್ನೊಂದಕ್ಕೆ 121 ಆಯಿತು. ಸಂಖ್ಯೆ ಇಳಿದರೆ ಒಂದೊಂದು ಫೋಟೋ ಹೆಚ್ಚು ಜಾಗ ತಿನ್ನುತ್ತಿದೆ, ಅಂದರೆ ಅದರಲ್ಲಿ ವಿವರ ಹೆಚ್ಚು. ನಾವು 121ರದ್ದನ್ನೇ ಇಟ್ಟೆವು.

ಕಡೆಯದಾಗಿ ಕರಿಹಲಗೆಯ ಮೇಲೆ ಅಂದಿನ ತಾರೀಖು ಬರೆದು ಒಂದು ಫೋಟೋ ತೆಗೆಯಿರಿ. ಕಂಪ್ಯೂಟರಿನಲ್ಲಿ ಆ ಫೋಟೋದ ತಾರೀಖೂ ಹಲಗೆಯದೂ ಒಂದೇ ಇದ್ದರೆ ಕೆಲಸ ಸರಿಯಾಗಿದೆ.